ಚಲನ್ ಹೆಸರಿನ ಎಪಿಕೆ ತೆರೆದ ಮೇಲೆ: ದುಡ್ಡು, ಗುರುತು, ಗಡಿಯಾಚೆಯ ಕಳ್ಳ

ವಾಟ್ಸಾಪ್‌ಗೆ ಒಂದು ಸಂದೇಶ ಬರುತ್ತದೆ. ನಿಮ್ಮ ಗಾಡಿ ಸಿಗ್ನಲ್ ದಾಟಿದೆ, ದಂಡ ಕಟ್ಟಿ, ವಿವರ ಕೆಳಗಿನ ಫೈಲ್‌ನಲ್ಲಿದೆ ಎಂದು. ಕೆಳಗೆ `RTO Challan.apk`. ಗಾಡಿಯ ನಂಬರು ಕೆಲವೊಮ್ಮೆ ಸರಿಯಾಗಿಯೇ ಇರುತ್ತದೆ, ಅದಕ್ಕೇ ಜನ ಒತ್ತುತ್ತಾರೆ. ವಂಚನೆಯ ಬಗೆಗಳು ಎಷ್ಟೋ ಇದ್ದರೂ ಈ ಲೇಖನಕ್ಕೆ ಇದೊಂದನ್ನೇ ಆರಿಸಿಕೊಂಡಿದ್ದೇವೆ. ಫಿಶಿಂಗ್, ಗುರುತಿನ ಕಳ್ಳತನ, ಗಡಿ ದಾಟಿದ ತನಿಖೆ ಮೂರೂ ಇದರಲ್ಲಿ ಒಂದರ ಹಿಂದೆ ಒಂದು ಬರುತ್ತವೆ.

ಲೆಕ್ಕ ಅರ್ಥವಾಗಲಿ ಎಂದು ಒಂದು ಕಾಲ್ಪನಿಕ ಪ್ರಕರಣ ಇಟ್ಟುಕೊಳ್ಳೋಣ. ದಾವಣಗೆರೆಯ ಒಬ್ಬ ಕಿರಾಣಿ ವ್ಯಾಪಾರಿ, 2025ರ ಜೂನ್ 18, ಬುಧವಾರ. ಬೆಳಿಗ್ಗೆ 10:42ಕ್ಕೆ ಸಂದೇಶ, 10:50ಕ್ಕೆ ಆ್ಯಪ್ ಇನ್‌ಸ್ಟಾಲ್. ಆ್ಯಪ್ ಮೊದಲು ಎಸ್ಸೆಮ್ಮೆಸ್ ಓದುವ ಅನುಮತಿ ಕೇಳಿತು, ಇವರು ಕೊಟ್ಟರು. ಆಮೇಲೆ ಹೆಸರು, ಜನ್ಮದಿನಾಂಕ, ಆಧಾರ್, ಪ್ಯಾನ್ ಕೇಳಿತು. ಕೊನೆಗೆ "ಪರಿಶೀಲನೆಗೆ 1 ರೂಪಾಯಿ ಕಟ್ಟಿ" ಎಂದು ಡೆಬಿಟ್ ಕಾರ್ಡಿನ ನಂಬರು ಮತ್ತು ಪಿನ್ ಬರೆಸಿಕೊಂಡಿತು. ಪೇಮೆಂಟ್ ವಿಫಲ ಎಂದು ತೋರಿಸಿ ಮುಚ್ಚಿಕೊಂಡಿತು. ವ್ಯಾಪಾರಿ ಮತ್ತೆ ಗಲ್ಲಾಪೆಟ್ಟಿಗೆಗೆ ಹೋದರು.

ಅತ್ತ ಕಡೆಯವನಿಗೆ ಕಾರ್ಡೂ ಪಿನ್ನೂ ಸಿಕ್ಕಿತು. ಅವುಗಳಿಂದ ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಬದಲಿಸಿದ. ಫೋನಿಗೆ ಬಂದ ಪ್ರತಿ ಒಟಿಪಿಯನ್ನೂ ಆ್ಯಪ್ ಅವನಿಗೆ ರವಾನಿಸುತ್ತಿತ್ತು. 11:14ಕ್ಕೆ ಲಾಗಿನ್, 11:21ರ ಹೊತ್ತಿಗೆ ಐಎಂಪಿಎಸ್ ಮೂಲಕ 50,000 ಮತ್ತು 45,000 ರೂಪಾಯಿ ಹೊರಗೆ. ಬ್ಯಾಂಕಿನ ಎಸ್ಸೆಮ್ಮೆಸ್ಸನ್ನು ಆ್ಯಪ್ ಬಚ್ಚಿಟ್ಟಿದ್ದರಿಂದ ಇವರಿಗೆ ಗೊತ್ತಾದದ್ದು 11:45ಕ್ಕೆ, ಇಮೇಲ್ ನೋಡಿದಾಗ.

ಒತ್ತುವ ಮೊದಲು ಏನನ್ನು ನೋಡಬೇಕು

ಇದು ಮೋಸ ಎಂದು ತಿಳಿಯಲು ಒಂದೇ ಗುರುತು ಸಾಕಿತ್ತು: ಫೈಲಿನ ಹೆಸರು `.apk` ಎಂದು ಮುಗಿಯುತ್ತದೆ. ಅದು ಚಲನ್ ಅಲ್ಲ, ಆ್ಯಪ್. ಯಾವ ಸಾರಿಗೆ ಇಲಾಖೆಯೂ ದಂಡದ ರಸೀತಿಯನ್ನು ಆ್ಯಪ್ ರೂಪದಲ್ಲಿ ಕಳಿಸುವುದಿಲ್ಲ. ನಿಜವಾಗಿ ಚಲನ್ ಇದೆಯೇ ಎಂದು ನೋಡಬೇಕಿದ್ದರೆ `echallan.parivahan.gov.in` ಎಂದು ನೀವೇ ಟೈಪ್ ಮಾಡಿ ಗಾಡಿ ನಂಬರು ಹಾಕಿ ನೋಡಿ.

ಫೈಲಿನ ಬದಲು ಲಿಂಕ್ ಬಂದಿದ್ದರೆ ಓದುವ ಕ್ರಮ ಬೇರೆ. `https://` ಆದಮೇಲೆ ಬರುವ ಮೊದಲ ಓರೆಗೆರೆಯನ್ನು ಹುಡುಕಿ, ಅಲ್ಲಿಂದ ಬಲದಿಂದ ಎಡಕ್ಕೆ ಓದಿ.

```
https://parivahan.gov.in.pay-fine.example/login
```

ಇಲ್ಲಿ ಕಣ್ಣಿಗೆ ಮೊದಲು ಬೀಳುವುದು `parivahan.gov.in`. ಆದರೆ ಜಾಗದ ಒಡೆಯ `pay-fine.example`. ಅದರ ಎಡಕ್ಕೆ ಯಾರು ಬೇಕಾದರೂ ಏನು ಬೇಕಾದರೂ ಬರೆದುಕೊಳ್ಳಬಹುದು. ಬೀಗದ ಚಿಹ್ನೆ ಇದೆಯಲ್ಲ ಎನ್ನಬೇಡಿ. ಬೀಗ ಹೇಳುವುದು ನೀವು ಬರೆದದ್ದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಎಂದಷ್ಟೇ, ತಲುಪುವ ಜಾಗ ಯಾರದು ಎಂದಲ್ಲ. ಬ್ಯಾಂಕುಗಳ ವಿಷಯದಲ್ಲಿ ಈಗ ಒಂದು ಅನುಕೂಲವಿದೆ. 2025ರ ಅಕ್ಟೋಬರ್ 31ರೊಳಗೆ ಬ್ಯಾಂಕುಗಳೆಲ್ಲ ತಮ್ಮ ಜಾಲತಾಣವನ್ನು `.bank.in` ವಿಳಾಸಕ್ಕೆ ಬದಲಿಸಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಹಾಗೆಯೇ ಸರ್ಕಾರಿ ಎಸ್ಸೆಮ್ಮೆಸ್‌ಗಳ ಕಳಿಸುವವರ ಹೆಸರು `-G` ಎಂದು ಮುಗಿಯುತ್ತದೆ. ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದ "ಸರ್ಕಾರಿ" ಸಂದೇಶವನ್ನು ಅಲ್ಲೇ ಬಿಡಿ.

ಮೊದಲ ಅರ್ಧ ಗಂಟೆ

ಗಾಬರಿಯಲ್ಲಿ ಜನ ಮಾಡುವ ಮೊದಲ ತಪ್ಪು ಆ್ಯಪ್ ಅಳಿಸಲು ಕೂರುವುದು. ಅದು ಐಕಾನ್ ಬಚ್ಚಿಟ್ಟಿರುತ್ತದೆ, ಅನ್‌ಇನ್‌ಸ್ಟಾಲ್ ಬಟನ್ ಒತ್ತಿದರೂ ಒಪ್ಪುವುದಿಲ್ಲ, ಇಪ್ಪತ್ತು ನಿಮಿಷ ಅಲ್ಲೇ ಹೋಗುತ್ತದೆ. ಅಷ್ಟರಲ್ಲಿ ಉಳಿದ ದುಡ್ಡೂ ಹೋಗುತ್ತದೆ.

ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ವೈಫೈ ಕೂಡ ಆಫ್ ಆಗಿದೆಯೇ ನೋಡಿ. ನಂತರ ಸಿಮ್ ತೆಗೆದು ಮನೆಯಲ್ಲಿರುವ ಹಳೆಯ ಬಟನ್ ಫೋನಿಗೆ ಹಾಕಿ. ಈ ಸಣ್ಣ ಕೆಲಸದ ಲಾಭ ದೊಡ್ಡದು. ಕಳ್ಳ ಆ್ಯಪ್ ಇರುವುದು ಫೋನಿನಲ್ಲಿ, ಸಿಮ್‌ನಲ್ಲಲ್ಲ. ಇನ್ನು ಬರುವ ಒಟಿಪಿಗಳು ನಿಮಗೆ ಮಾತ್ರ ಬರುತ್ತವೆ, ಬ್ಯಾಂಕಿನಿಂದ ಬರುವ ಕರೆಯೂ ತಪ್ಪುವುದಿಲ್ಲ.

ಆಮೇಲೆ ಎರಡು ಕರೆ. ಒಂದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ, ಇನ್ನೊಂದು ಕಾರ್ಡಿನ ಹಿಂದೆ ಬರೆದಿರುವ ಬ್ಯಾಂಕಿನ ನಂಬರಿಗೆ. ಮನೆಯಲ್ಲಿ ಇಬ್ಬರಿದ್ದರೆ ಎರಡನ್ನೂ ಒಟ್ಟಿಗೇ ಮಾಡಿ. ಬ್ಯಾಂಕಿನ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ಸಹಾಯವಾಣಿಗಳು ಕಾದಿರುತ್ತವೆ. ಬ್ಯಾಂಕಿಗೆ ಹೇಳಬೇಕಾದದ್ದು ಇಷ್ಟು: ಕಾರ್ಡ್, ನೆಟ್ ಬ್ಯಾಂಕಿಂಗ್, ಯುಪಿಐ ಮೂರನ್ನೂ ನಿಲ್ಲಿಸಿ, ದೂರಿನ ಸಂಖ್ಯೆ ಕೊಡಿ. ಬರೀ ಕಾರ್ಡ್ ಬ್ಲಾಕ್ ಮಾಡಿಸಿ ಸುಮ್ಮನಾದರೆ ನೆಟ್ ಬ್ಯಾಂಕಿಂಗ್ ಬಾಗಿಲು ತೆರೆದೇ ಇರುತ್ತದೆ.

1930ರವರು ಮುಖ್ಯವಾಗಿ ಕೇಳುವುದು ವಹಿವಾಟಿನ 12 ಅಂಕಿಯ ಯುಟಿಆರ್ ಅಥವಾ ಆರ್‌ಆರ್‌ಎನ್ ಸಂಖ್ಯೆ, ನಿಮ್ಮ ಖಾತೆ ಸಂಖ್ಯೆ, ದಿನಾಂಕ, ಮೊತ್ತ. ದುಡ್ಡು ಈಗ ಎಲ್ಲಿದೆ ಎಂದು ಮುಂದಿನ ಬ್ಯಾಂಕ್ ಹುಡುಕುವುದು ಆ 12 ಅಂಕಿಗಳನ್ನು ಹಿಡಿದೇ. ಎರಡು ವಹಿವಾಟಿದ್ದರೆ ಎರಡನ್ನೂ ಕೊಡಿ. ಒಂದಂಕಿ ತಪ್ಪಿದರೂ ಸರಪಳಿ ಅಲ್ಲೇ ತುಂಡಾಗುತ್ತದೆ. ಎಸ್ಸೆಮ್ಮೆಸ್ ಸಿಗದಿದ್ದರೆ ಇಮೇಲ್‌ನಲ್ಲಿ ನೋಡಿ, ಇಲ್ಲವೇ ಶಾಖೆಯಲ್ಲಿ ಸ್ಟೇಟ್‌ಮೆಂಟ್ ತೆಗೆಸಿ. ಕರೆ ಮುಗಿದ ಮೇಲೆ ಸ್ವೀಕೃತಿ ಸಂಖ್ಯೆ ಬರುತ್ತದೆ. 24 ಗಂಟೆಯೊಳಗೆ `cybercrime.gov.in`ನಲ್ಲಿ ಪೂರ್ತಿ ದೂರು ತುಂಬಬೇಕು. ಕರೆ ಮಾಡಿದೆವಲ್ಲ ಎಂದು ಇದನ್ನು ಬಿಡುವವರು ಬಹಳ.

ಇಷ್ಟು ಅವಸರವೇಕೆ? ದಾವಣಗೆರೆಯ ಲೆಕ್ಕ ನೋಡಿ. 11:21ಕ್ಕೆ 95,000 ರೂಪಾಯಿ ಬಂದು ಬಿದ್ದದ್ದು ಬೇರೆ ರಾಜ್ಯದ ಯಾರೋ ಒಬ್ಬರ ಖಾತೆಗೆ. ಕಮಿಷನ್ ಆಸೆಗೆ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಮೂರನ್ನೂ ಬಾಡಿಗೆಗೆ ಕೊಟ್ಟವರ ಖಾತೆ ಅದು. ಪೊಲೀಸರು ಇದನ್ನು ಮ್ಯೂಲ್ ಖಾತೆ ಎನ್ನುತ್ತಾರೆ. 11:29ಕ್ಕೆ ಅದು ಮೂರು ಖಾತೆಗಳಾಗಿ ಒಡೆಯಿತು. 11:40ಕ್ಕೆ ಒಂದರಿಂದ 20,000 ಎಟಿಎಂನಲ್ಲಿ ನಗದಾಯಿತು. ಇನ್ನೊಂದರಿಂದ 50,000 ಕ್ರಿಪ್ಟೊ ಮಾರುವ ಒಬ್ಬನಿಗೆ ಹೋಗಿ, ಅಷ್ಟು ಬೆಲೆಯ ಯುಎಸ್‌ಡಿಟಿ ನಾಣ್ಯ ಹೊರದೇಶದ ವಾಲೆಟ್ ಸೇರಿತು. ಮೂರನೆಯದರಲ್ಲಿ 25,000 ಇನ್ನೂ ಕೂತಿತ್ತು. 11:50ಕ್ಕೆ ಕರೆ ಮಾಡಿದ್ದರಿಂದ ಆ 25,000ದ ಮೇಲೆ ತಡೆ ಬಿತ್ತು. ಬ್ಯಾಂಕಿನವರು ಇದನ್ನು ಲೀನ್ ಎನ್ನುತ್ತಾರೆ. 11:25ಕ್ಕೇ ಕರೆ ಹೋಗಿದ್ದರೆ ಪೂರ್ತಿ ಹಣ ಮೊದಲ ಖಾತೆಯಲ್ಲೇ ಇತ್ತು.

ಸಾಕ್ಷ್ಯ: ಫೋನ್ ರೀಸೆಟ್ ಮಾಡುವ ಮೊದಲು

ದುಡ್ಡಿನ ಕೆಲಸ ಮುಗಿದ ಮೇಲೆ ಫೋನಿನ ಕಡೆ ಬನ್ನಿ. ಸಂದೇಶ ಬಂದ ನಂಬರು, ಸಮಯ, ಆ್ಯಪ್‌ನ ಪರದೆ ಎಲ್ಲವನ್ನೂ ಬೇರೆ ಫೋನಿನಿಂದ ಫೋಟೊ ತೆಗೆಯಿರಿ. ಸ್ಕ್ರೀನ್‌ಶಾಟ್ ಆ ಫೋನಿನೊಳಗೇ ಉಳಿದುಬಿಡುತ್ತದೆ, ಅದನ್ನು ಕಳಿಸಲು ಇಂಟರ್ನೆಟ್ ಹಾಕಬೇಕಾಗುತ್ತದೆ. ವಾಟ್ಸಾಪ್ ಚಾಟ್ ಅಳಿಸಬೇಡಿ, ಕಳಿಸಿದವನನ್ನು ಬ್ಲಾಕ್ ಮಾಡುವ ಅವಸರವೂ ಬೇಡ.

ಆ ಎಪಿಕೆ ಫೈಲ್ ತನಿಖೆಗೆ ಚಿನ್ನದಂಥದ್ದು. ಕದ್ದ ಎಸ್ಸೆಮ್ಮೆಸ್ಸನ್ನು ಅದು ಎಲ್ಲಿಗೆ ಕಳಿಸುತ್ತಿತ್ತು ಎಂಬ ವಿಳಾಸ ಅದರೊಳಗೇ ಬರೆದಿರುತ್ತದೆ, ಹಲವು ಸಲ ಅದೊಂದು ಟೆಲಿಗ್ರಾಂ ಬಾಟ್, ಅಂದರೆ ತಾನಾಗಿ ನಡೆಯುವ ಖಾತೆ. ಫೋನನ್ನು ಕೇಬಲ್‌ನಿಂದ ಕಂಪ್ಯೂಟರಿಗೆ ಜೋಡಿಸಿ, ವಾಟ್ಸಾಪ್‌ನ `WhatsApp Documents` ಫೋಲ್ಡರಿನಿಂದ ಆ ಫೈಲನ್ನು ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಬಹುದು. ತೆರೆಯಬೇಡಿ, ಬೇರೆಯವರಿಗೆ ಫಾರ್ವರ್ಡ್ ಮಾಡಬೇಡಿ. ವಿಂಡೋಸ್‌ನಲ್ಲಿ ಅದರ ಹ್ಯಾಷ್ ಸಂಖ್ಯೆ ತೆಗೆಯುವ ಕಮಾಂಡ್ ಇದು:

```
certutil -hashfile "RTO Challan.apk" SHA256
```

ಬರುವ 64 ಅಕ್ಷರಗಳನ್ನು ಬರೆದಿಟ್ಟುಕೊಂಡು ದೂರಿಗೆ ಸೇರಿಸಿ. ಫೈಲಿನಲ್ಲಿ ಒಂದಕ್ಷರ ಬದಲಾದರೂ ಈ ಸಂಖ್ಯೆ ಪೂರ್ತಿ ಬದಲಾಗುತ್ತದೆ, ಆದ್ದರಿಂದ ಎರಡು ವರ್ಷದ ನಂತರವೂ ಇದು ಅದೇ ಫೈಲ್ ಎಂದು ತೋರಿಸಬಹುದು. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ನ್ಯಾಯಾಲಯಕ್ಕೆ ಕೊಡುವ ಇಲೆಕ್ಟ್ರಾನಿಕ್ ಸಾಕ್ಷ್ಯದ ಪ್ರಮಾಣಪತ್ರದಲ್ಲಿ ಹ್ಯಾಷ್ ನಮೂದಿಸಲೇಬೇಕು.

ಪೊಲೀಸರಿಗೆ ಫೋನ್ ಬೇಕೇ ಎಂದು ಕೇಳಿ, ಬೇಡವೆಂದ ಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಹಳೆಯ ಬ್ಯಾಕಪ್‌ನಿಂದ ಫೋಟೊ, ಕಾಂಟ್ಯಾಕ್ಟ್ ಮಾತ್ರ ಮರಳಿ ತನ್ನಿ. ಆ್ಯಪ್‌ಗಳನ್ನು ಪ್ಲೇ ಸ್ಟೋರಿನಿಂದ ಹೊಸದಾಗಿ ಹಾಕಿ.

ಕದ್ದ ಗುರುತು ಮತ್ತೆ ಬಳಕೆಯಾಗುವ ಬಗೆ

ಹೋದ ದುಡ್ಡು ಕಣ್ಣಿಗೆ ಕಾಣುತ್ತದೆ. ಆ್ಯಪ್‌ನಲ್ಲಿ ಬರೆದ ಆಧಾರ್, ಪ್ಯಾನ್, ಜನ್ಮದಿನಾಂಕ ಹೋದದ್ದು ಕಾಣುವುದಿಲ್ಲ. ಅವು ಕೈಬದಲಾಗಿ ತಿಂಗಳುಗಳ ನಂತರ ನಿಮ್ಮ ಹೆಸರಿನಲ್ಲಿ ಸಾಲವಾಗಿಯೋ ಸಿಮ್ ಆಗಿಯೋ ಎದುರಾಗುತ್ತವೆ. ಹೀಗೆ ಬೇರೊಬ್ಬರ ಹೆಸರಿನಲ್ಲಿ ತೆರೆದ ಸಿಮ್ಮೂ ಖಾತೆಯೂ ಮುಂದಿನ ವಂಚನೆಗೆ ಮ್ಯೂಲ್ ಆಗುತ್ತವೆ, ಪೊಲೀಸರ ನೋಟಿಸು ಬರುವುದು ಮಾತ್ರ ನಿಮ್ಮ ಬಾಗಿಲಿಗೆ.

ಅದೇ ದಿನ `sancharsaathi.gov.in`ನಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆ ನೋಡಿ, ನಿಮ್ಮದಲ್ಲದ್ದನ್ನು ಅಲ್ಲೇ ನಮೂದಿಸಿ. `myaadhaar.uidai.gov.in`ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ, ಆಧಾರ್ ದೃಢೀಕರಣದ ಇತಿಹಾಸವನ್ನೂ ತೆರೆಯಿರಿ. ನೀವು ಅಂಗಡಿಯಲ್ಲಿದ್ದ ಹೊತ್ತಿಗೆ ಎಲ್ಲೋ ಬೆರಳಚ್ಚು ಬಳಕೆಯಾಗಿದ್ದರೆ ಅಲ್ಲಿ ಕಾಣುತ್ತದೆ. ಲಾಕ್ ಇದ್ದಾಗ ಬೆರಳೊತ್ತಿ ಪಡಿತರ ತೆಗೆಯುವುದೂ ನಡೆಯದು, ಹೋಗುವ ಮೊದಲು ಸ್ವಲ್ಪ ಹೊತ್ತಿಗೆ ತೆರೆದುಕೊಳ್ಳಬೇಕು. ಹಿರಿಯರಿಗೆ ಇದನ್ನು ಮೊದಲೇ ಹೇಳಿಡಿ.

ಸಾಲದ ಮೇಲೆ ಕಣ್ಣಿಡಲು ಖರ್ಚಿಲ್ಲದ ದಾರಿಯಿದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಎಂಬ, ಜನರ ಸಾಲದ ದಾಖಲೆ ಇಡುವ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ನಾಲ್ಕನ್ನೂ ಒಂದೇ ದಿನ ತೆಗೆಯದೆ ಮೂರು ತಿಂಗಳಿಗೊಂದರಂತೆ ತೆಗೆದರೆ ಇಡೀ ವರ್ಷ ಕಾವಲಿದ್ದಂತೆ. ನಿಮ್ಮದಲ್ಲದ ಸಾಲ ಕಂಡರೆ ಆ ಸಂಸ್ಥೆಗೂ ಸಾಲ ಕೊಟ್ಟವರಿಗೂ ಸೈಬರ್ ದೂರಿನ ಸ್ವೀಕೃತಿಯ ಪ್ರತಿ ಸಮೇತ ಬರೆಯಿರಿ. 30 ದಿನದೊಳಗೆ ಸರಿಪಡಿಸದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಠಾಣೆಯಲ್ಲಿ

ಪೋರ್ಟಲ್ ದೂರು ತಾನೇ ಎಫ್‌ಐಆರ್ ಅಲ್ಲ. ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳನ್ನು ನೋಡುವ ಜಿಲ್ಲೆಯ ಸೆನ್ ಠಾಣೆಗೆ ಹೋಗಿ, ಅದು ದೂರವಾದರೆ ಹತ್ತಿರದ ಠಾಣೆಗೆ. ವ್ಯಾಪ್ತಿ ನಮ್ಮದಲ್ಲ ಎಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 173ರ ಪ್ರಕಾರ ಅಪರಾಧ ಎಲ್ಲೇ ನಡೆದಿದ್ದರೂ ಮಾಹಿತಿ ದಾಖಲಿಸಿಕೊಳ್ಳಬೇಕು ಎಂದು ವಿನಯದಿಂದಲೇ ನೆನಪಿಸಿ. ಈ ಪ್ರಕರಣಕ್ಕೆ ಹೊಂದುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಅಂದರೆ ಬೇರೊಬ್ಬರ ಪಾಸ್‌ವರ್ಡ್ ಅಥವಾ ಗುರುತಿನ ಬಳಕೆ, ಮತ್ತು 66ಡಿ, ಅಂದರೆ ಕಂಪ್ಯೂಟರ್ ಮೂಲಕ ಸೋಗು ಹಾಕಿ ವಂಚನೆ. ಎರಡಕ್ಕೂ ಮೂರು ವರ್ಷದವರೆಗೆ ಸಜೆ. ಈ ಕಾಯ್ದೆಯಡಿ ತನಿಖೆ ಮಾಡಬೇಕಾದವರು ಇನ್‌ಸ್ಪೆಕ್ಟರ್ ಅಥವಾ ಅದಕ್ಕಿಂತ ಮೇಲಿನವರು. ಒಬ್ಬ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಇಂಥ ಕಡತಗಳ ರಾಶಿಯೇ ಇರುವುದಕ್ಕೆ ಇದೂ ಒಂದು ಕಾರಣ.

ಗಡಿ ದಾಟಿದ ಮೇಲೆ ಏನಾಗುತ್ತದೆ

ಕಾನೂನು ಗಡಿಯಲ್ಲಿ ನಿಲ್ಲುವುದಿಲ್ಲ. ಭಾರತದಲ್ಲಿರುವ ಕಂಪ್ಯೂಟರಿಗೆ ಹೊರದೇಶದಿಂದ ಕೈ ಹಾಕಿದವನಿಗೂ ಐಟಿ ಕಾಯ್ದೆಯ 75ನೇ ಕಲಂ ಅನ್ವಯಿಸುತ್ತದೆ. ಗಡಿಯಲ್ಲಿ ನಿಲ್ಲುವುದು ಪೊಲೀಸರ ಅಧಿಕಾರ. ದಾವಣಗೆರೆಯ ಇನ್‌ಸ್ಪೆಕ್ಟರ್ ಇನ್ನೊಂದು ದೇಶದ ಸರ್ವರ್ ಬಾಗಿಲು ತಟ್ಟಲಾರರು.

ಇದು ಹೇಗೆ ನಡೆಯುತ್ತದೆ ಎಂದು ಒಂದೇ ಒಂದು ಸಾಲು ಹಿಡಿದು ನೋಡೋಣ. ನೆಟ್ ಬ್ಯಾಂಕಿಂಗ್‌ಗೆ ಯಾರು ಲಾಗಿನ್ ಆದರು ಎಂದು ಕೇಳಿದ್ದಕ್ಕೆ ಬ್ಯಾಂಕ್ ಈ ದಾಖಲೆ ಕೊಟ್ಟಿತು ಎನ್ನಿ:

```
2025-06-18 05:44:11 UTC  203.0.113.45:41822
```

ಮೊದಲ ಎಡವು ಸಮಯದಲ್ಲೇ ಇದೆ. ಇದು ಯುಟಿಸಿ, ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. 5:44 ಎಂದರೆ ಇಲ್ಲಿ 11:14. ಪತ್ರ ಬರೆಯುವಾಗ ಇದನ್ನು ಬೆಳಗಿನ ಜಾವದ 5:44 ಎಂದು ಬರೆದರೆ ಇಂಟರ್ನೆಟ್ ಕಂಪನಿ ಆ ಹೊತ್ತಿನಲ್ಲಿ 203.0.113.45 ಎಂಬ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ನಂಬರು, ಬಳಸುತ್ತಿದ್ದ ಇನ್ಯಾರದೋ ಹೆಸರು ಕೊಡುತ್ತದೆ. ಎರಡನೆಯದು ಕೊನೆಯ 41822 ಎಂಬ ಪೋರ್ಟ್ ಸಂಖ್ಯೆ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸವನ್ನು ಒಂದೇ ಸಮಯಕ್ಕೆ ಅನೇಕ ಗ್ರಾಹಕರಿಗೆ ಹಂಚುತ್ತವೆ, ಅವರಲ್ಲಿ ಇವನು ಯಾರು ಎಂದು ಹೇಳುವುದು ಪೋರ್ಟ್. ಇಂಥ ದಾಖಲೆಯಲ್ಲಿ, ಅಂದರೆ ಲಾಗ್‌ನಲ್ಲಿ, ಪೋರ್ಟ್ ಇಲ್ಲದಿದ್ದರೆ ಉತ್ತರವಾಗಿ ಬರುವುದು ಹೆಸರುಗಳ ಪಟ್ಟಿ. ಮೂರನೆಯದು ವಯಸ್ಸು. ಭಾರತದಲ್ಲಿ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡಬೇಕು. ದೂರು ತಡವಾದಷ್ಟೂ ಈ ಅವಧಿ ಕರಗುತ್ತದೆ.

ಈಗ ಆ ವಿಳಾಸ ಹೊರದೇಶದ ಬಾಡಿಗೆ ಸರ್ವರಿನದು ಎಂದಾಯಿತು ಎನ್ನಿ. ಮುಂದೆ ಎರಡು ದಾರಿ. ಖಾತೆ ಯಾರ ಹೆಸರಿನಲ್ಲಿದೆ, ಯಾವ ಇಮೇಲ್, ಯಾವ ಐಪಿಯಿಂದ ಲಾಗಿನ್ ಎಂಬಷ್ಟನ್ನು ದೊಡ್ಡ ಅಮೆರಿಕನ್ ಕಂಪನಿಗಳು ಬಿಎನ್‌ಎಸ್‌ಎಸ್ 94ರ ನೋಟಿಸಿಗೆ ನೇರವಾಗಿ ಕೊಡುವುದುಂಟು. ಸಂದೇಶದ ಒಳವಿಷಯ ಬೇಕಾದರೆ ಎರಡನೆಯ ದಾರಿಯೇ ಗತಿ. ಜಿಲ್ಲೆಯಿಂದ ಪ್ರಸ್ತಾವ ರಾಜ್ಯಕ್ಕೆ, ಅಲ್ಲಿಂದ ದೆಹಲಿಯ ಗೃಹ ಸಚಿವಾಲಯಕ್ಕೆ, ಅಲ್ಲಿಂದ ಪರಸ್ಪರ ಕಾನೂನು ನೆರವಿನ ಒಪ್ಪಂದದ ಮೇಲೆ ಅಮೆರಿಕದ ನ್ಯಾಯ ಇಲಾಖೆಗೆ, ಅಲ್ಲಿಂದ ಅವರ ನ್ಯಾಯಾಲಯಕ್ಕೆ. ಅಮೆರಿಕದ ಜೊತೆ ನಮ್ಮ ಒಪ್ಪಂದ 2005ರಿಂದ ಜಾರಿಯಲ್ಲಿದೆ. ಒಪ್ಪಂದವಿಲ್ಲದ ದೇಶಕ್ಕೆ ಬಿಎನ್‌ಎಸ್‌ಎಸ್ 112ರಂತೆ ನಮ್ಮ ನ್ಯಾಯಾಲಯದಿಂದಲೇ ಕೋರಿಕೆ ಪತ್ರ ಪಡೆದು ಕಳಿಸಬೇಕು.

ಕಡತ ಎಡವುವುದು ಹೆಚ್ಚಾಗಿ ಅಮೆರಿಕದ ನ್ಯಾಯಾಲಯದ ಹೊಸ್ತಿಲಲ್ಲಿ. ಈ ನಿರ್ದಿಷ್ಟ ಖಾತೆಯಲ್ಲಿ ಈ ಅಪರಾಧದ ಪುರಾವೆ ಇದೆ ಎಂದು ನಂಬಲು ಕಾರಣವೇನು ಎಂದು ಅಲ್ಲಿನ ನ್ಯಾಯಾಧೀಶರು ಕೇಳುತ್ತಾರೆ. "ಆರೋಪಿಯ ಎಲ್ಲ ಮಾಹಿತಿ ಒದಗಿಸಿ" ಎಂಬ ಪತ್ರ ವಾಪಸು ಬರುತ್ತದೆ. ಆಗ ನೀವು ಕೊಟ್ಟ ಹ್ಯಾಷ್, ಎಪಿಕೆಯೊಳಗಿನ ವಿಳಾಸ, ನಿಮಿಷಗಳ ಲೆಕ್ಕ ಇವೇ ಆ ಕಾರಣವನ್ನು ಕಟ್ಟಿಕೊಡುತ್ತವೆ. ಇಷ್ಟೆಲ್ಲ ಸರಿಯಿದ್ದರೂ ತಿಂಗಳುಗಳು ಹೋಗುತ್ತವೆ, ಅಷ್ಟರಲ್ಲಿ ಸರ್ವರ್ ಅಳಿಸಿಹೋಗಿರುತ್ತದೆ. ಇರುವುದನ್ನು ಅಳಿಸದೆ ಇಟ್ಟಿರಿ ಎಂದು ತಕ್ಷಣ ಕೇಳಿಕೊಳ್ಳುವ ವ್ಯವಸ್ಥೆಯನ್ನು 2001ರ ಬುಡಾಪೆಸ್ಟ್ ಒಡಂಬಡಿಕೆ ತನ್ನ ಸದಸ್ಯ ದೇಶಗಳಿಗೆ ಮಾಡಿಕೊಟ್ಟಿದೆ. ಭಾರತ ಅದರ ಸದಸ್ಯನಲ್ಲ. 2024ರ ಡಿಸೆಂಬರ್ 24ರಂದು ವಿಶ್ವಸಂಸ್ಥೆಯ ಮಹಾಸಭೆ ಹೊಸ ಸೈಬರ್ ಅಪರಾಧ ಒಡಂಬಡಿಕೆಯನ್ನು ಅಂಗೀಕರಿಸಿತು, ಆದರೆ ಅದು ನೆಲದ ಮೇಲೆ ಕೆಲಸ ಮಾಡಬೇಕಾದರೆ ಸಾಕಷ್ಟು ದೇಶಗಳು ಅದನ್ನು ಅನುಮೋದಿಸಬೇಕು.

ಇನ್ನು ಆ ಕಳ್ಳ ಯಾರು? ಕಾಂಬೋಡಿಯ, ಮ್ಯಾನ್ಮಾರ್, ಲಾವೋಸ್‌ಗಳ ವಂಚನೆ ಕೇಂದ್ರಗಳಲ್ಲಿ ಕೀಬೋರ್ಡ್ ಮುಂದೆ ಕೂತವರಲ್ಲಿ ಭಾರತದ ಹುಡುಗರೂ ಇದ್ದಾರೆ. ಡೇಟಾ ಎಂಟ್ರಿ ಕೆಲಸ ಎಂದು ಕರೆಸಿಕೊಂಡು ಪಾಸ್‌ಪೋರ್ಟ್ ಕಿತ್ತುಕೊಂಡು ಕೂರಿಸಿದವರು. ಒಂದೇ ಕುರ್ಚಿಯಲ್ಲಿ ಆರೋಪಿಯೂ ಸಂತ್ರಸ್ತನೂ ಕೂತಿರುವಾಗ ತನಿಖೆಯ ಪ್ರಶ್ನೆಯೇ ಬದಲಾಗುತ್ತದೆ.

ಆದ್ದರಿಂದಲೇ ಇಂಥ ಪ್ರಕರಣಗಳಲ್ಲಿ ಬಂಧನವಾಗುವುದು ಹೆಚ್ಚಾಗಿ ಖಾತೆ ಬಾಡಿಗೆ ಕೊಟ್ಟವರು, ಎಟಿಎಂನಲ್ಲಿ ನಗದು ತೆಗೆದವರು, ಇಲ್ಲಿನ ಕ್ರಿಪ್ಟೊ ವ್ಯಾಪಾರಿಗಳು. ಅವರು ನಮ್ಮ ಪೊಲೀಸರ ಕೈಗೆಟಕುವ ದೂರದಲ್ಲಿದ್ದಾರೆ.

ತಡೆಹಿಡಿದ ಹಣ ಕೈಗೆ ಬರುವುದು

ಲೀನ್ ಬಿದ್ದ 25,000 ತಾನಾಗಿ ವಾಪಸು ಬರುವುದಿಲ್ಲ. 2025ರಲ್ಲಿ ಅದಕ್ಕೆ ನ್ಯಾಯಾಲಯಕ್ಕೆ ಬಿಎನ್‌ಎಸ್‌ಎಸ್ 503ರಡಿ ಅರ್ಜಿ ಹಾಕಿ ಬಿಡುಗಡೆಯ ಆದೇಶ ಪಡೆಯಬೇಕಿತ್ತು. ಅರ್ಜಿಗೆ ಎಫ್‌ಐಆರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಯಾವ ಬ್ಯಾಂಕಿನ ಯಾವ ಖಾತೆಯಲ್ಲಿ ಎಷ್ಟು ತಡೆಹಿಡಿಯಲಾಗಿದೆ ಎಂಬ ವಿವರ ಬೇಕು. ಕೊನೆಯದನ್ನು ತನಿಖಾಧಿಕಾರಿಯಿಂದ ಕೇಳಿ ಪಡೆಯಿರಿ. ಅದೇ ಖಾತೆಯಲ್ಲಿ ಬೇರೆ ಊರುಗಳ ಸಂತ್ರಸ್ತರ ಹಣವೂ ಬಿದ್ದಿರುತ್ತದೆ, ಮೊದಲು ಆದೇಶ ತಂದವರಿಗೆ ಹಾದಿ ಸುಲಭ.

ಉಳಿದ 70,000ಕ್ಕೆ ಬ್ಯಾಂಕನ್ನು ಕೇಳಬಹುದೇ? ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಪ್ರಕಾರ ತಪ್ಪು ಗ್ರಾಹಕನದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ ಮೂರು ಕೆಲಸದ ದಿನದೊಳಗೆ ತಿಳಿಸಿದ ಗ್ರಾಹಕನಿಗೆ ಹೊಣೆಯೇ ಇಲ್ಲ. ಆದರೆ ಗ್ರಾಹಕನೇ ಪಿನ್ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು, ತಿಳಿಸಿದ ನಂತರದ್ದು ಬ್ಯಾಂಕಿನದು. ದಾವಣಗೆರೆಯವರಿಗೆ ಈ 70,000 ಸಿಗುವುದು ಕಷ್ಟ. 11:50ರ ನಂತರ ಒಂದು ರೂಪಾಯಿ ಹೋಗಿದ್ದರೂ ಅದನ್ನು ಕೇಳುವ ಹಕ್ಕಿದೆ, ಅದಕ್ಕೇ ಕರೆಯ ಸಮಯ, ದೂರಿನ ಸಂಖ್ಯೆ ಬರೆದಿಡಬೇಕು. ಬ್ಯಾಂಕ್ 30 ದಿನದಲ್ಲಿ ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ `cms.rbi.org.in`ನಲ್ಲಿ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಒಂದೆರಡು ವರ್ಷದ ನಂತರ ಆರೋಪಿ ಪತ್ತೆಯಾಗಿಲ್ಲ ಎಂದು ಪೊಲೀಸರು ಸಿ ರಿಪೋರ್ಟ್ ಹಾಕಬಹುದು. ಅದು ಪ್ರಕರಣ ಸುಳ್ಳು ಎಂಬ ತೀರ್ಮಾನವಲ್ಲ. ಹೊಸ ಸುಳಿವು ಸಿಕ್ಕರೆ ಕಡತ ಮತ್ತೆ ತೆರೆಯುತ್ತದೆ, ಬೇರೆ ಜಿಲ್ಲೆಯ ಪ್ರಕರಣದಲ್ಲಿ ಅದೇ ಹ್ಯಾಷ್‌ನ ಎಪಿಕೆ ಸಿಕ್ಕಾಗಲೂ ತೆರೆಯಬಹುದು. ಆ ಪೆನ್‌ಡ್ರೈವ್, 64 ಅಕ್ಷರ ಬರೆದ ಚೀಟಿ, ಎಫ್‌ಐಆರ್ ಪ್ರತಿ ಮೂರನ್ನೂ ಒಂದೇ ಕವರಿನಲ್ಲಿ ಹಾಕಿ ಮನೆಯ ಕಾಗದಪತ್ರಗಳ ಜೊತೆ ಇಡಿ.